ಬ್ಯಾಟರಿ ವರದಿಯ 94 ಶೇಕಡಾ: ಆ ಅಂಕಿಯನ್ನು ಎಷ್ಟು ನಂಬಬಹುದು?

ಕಳೆದ ತಿಂಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯೊಬ್ಬಳು ತಂದೆಯೊಂದಿಗೆ ಸ್ಟಾಫ್ ರೂಮಿಗೆ ಬಂದಳು. ಕೈಯಲ್ಲೊಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಅಂಗಡಿಯವರು 18,000 ರೂಪಾಯಿ ಹೇಳಿದ್ದರು. ಒಂದು ದಿನ ಇಟ್ಟುಕೊಂಡು ನೋಡಿ, ಬೇಕಾದರೆ ಹಣ ಕೊಡಿ ಎಂದು ಕೊಟ್ಟು ಕಳುಹಿಸಿದ್ದರು.

"ಸರ್, ಬ್ಯಾಟರಿ 94 ಪರ್ಸೆಂಟ್ ಇದೆ ಅಂತ ಕಂಪ್ಯೂಟರೇ ಹೇಳ್ತಿದೆ. ಅಬ್ಬಾಗೆ ನಂಬಿಕೆ ಬರ್ತಿಲ್ಲ" ಎಂದಳು.

"ನಾಲ್ಕು ವರ್ಷ ಹಳೇ ಲ್ಯಾಪ್‌ಟಾಪು ಸರ್. ನನ್ನ ಫೋನಿನ ಬ್ಯಾಟರಿ ಎರಡೇ ವರ್ಷಕ್ಕೆ ಕೂತುಬಿಡ್ತು. ಇದು ಮಾತ್ರ ಹೇಗೆ ಹೊಸದರ ಹಾಗೆ ಇರುತ್ತೆ?" ಎಂದರು ತಂದೆ.

ತಂದೆಯ ಅನುಮಾನ ನ್ಯಾಯವಾದದ್ದೇ. ಹಾಗೆಂದು ಮಗಳು ತೋರಿಸಿದ ವರದಿ ನಕಲಿಯೂ ಆಗಿರಲಿಲ್ಲ. ಅಂಗಡಿಯವರು ಅದನ್ನು ತಿದ್ದಿರಲಿಲ್ಲ. ಆದರೂ ಆ ಅಂಕಿ ತಪ್ಪಾಗಿತ್ತು. ಅದು ಹೇಗೆ ಸಾಧ್ಯ, ಅದನ್ನು ನಾವು ಹೇಗೆ ಕಂಡುಹಿಡಿದೆವು ಎಂಬುದೇ ಈ ಲೇಖನ. ಲ್ಯಾಪ್‌ಟಾಪ್ ಕೊಳ್ಳುವವರಿಗೂ, ಮನೆಯಲ್ಲಿರುವ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಸಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೂ ಇದು ಉಪಯೋಗಕ್ಕೆ ಬಂದೀತು.

ವರದಿ ತೆಗೆಯುವುದು

ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಇದಕ್ಕೆ ಬೇರೆ ಸಾಫ್ಟ್‌ವೇರ್ ಬೇಡ. ಸ್ಟಾರ್ಟ್ ಮೆನುವಿನಲ್ಲಿ `cmd` ಎಂದು ಟೈಪ್ ಮಾಡಿ ಎಂಟರ್ ಒತ್ತಿ. ತೆರೆದುಕೊಳ್ಳುವ ಕಪ್ಪು ಕಿಟಕಿಯಲ್ಲಿ ಹೀಗೆ ಬರೆಯಿರಿ:

```
powercfg /batteryreport
```

ಒಂದೆರಡು ಕ್ಷಣದಲ್ಲಿ `battery-report.html` ಎಂಬ ಫೈಲ್ ತಯಾರಾಗುತ್ತದೆ. ಅದು ಯಾವ ಫೋಲ್ಡರಿನಲ್ಲಿ ಇದೆ ಎಂಬುದನ್ನೂ ಅದೇ ಕಿಟಕಿ ತಿಳಿಸುತ್ತದೆ. ಆ ಫೈಲನ್ನು ಬ್ರೌಸರಿನಲ್ಲಿ ತೆರೆಯಿರಿ. ಸ್ವಲ್ಪ ಕೆಳಗೆ `Installed batteries` ಎಂಬ ಭಾಗವಿದೆ. ನಮ್ಮ ಮುಂದಿದ್ದ ಲ್ಯಾಪ್‌ಟಾಪಿನಲ್ಲಿ ಅಲ್ಲಿ ಹೀಗಿತ್ತು:

```
DESIGN CAPACITY        41,040 mWh
FULL CHARGE CAPACITY   38,590 mWh
CYCLE COUNT            -
```

ಮೊದಲನೆಯದು ವಿನ್ಯಾಸ ಸಾಮರ್ಥ್ಯ. ಕಾರ್ಖಾನೆಯಿಂದ ಹೊರಬಂದಾಗ ಈ ಬ್ಯಾಟರಿ ಎಷ್ಟು ಶಕ್ತಿ ಹಿಡಿಯಬೇಕು ಎಂದು ತಯಾರಕರು ನಿಗದಿ ಮಾಡಿದ ಅಂಕಿ ಇದು. ಬ್ಯಾಟರಿಯೊಳಗಿನ ಚಿಪ್‌ನಲ್ಲಿ ಇದನ್ನು ಒಮ್ಮೆ ಬರೆದಿಡುತ್ತಾರೆ. ಆಮೇಲೆ ಇದು ಬದಲಾಗುವುದಿಲ್ಲ. ಎರಡನೆಯದು ಈಗ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ಹಿಡಿಯುತ್ತದೆ ಎಂಬುದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 0.94 ಬರುತ್ತದೆ. ಅಂದರೆ ಉಳಿದಿರುವುದು ಶೇ. 94, ಸವೆದಿರುವುದು ಶೇ. 6. ಕೆಲವು ಸಾಫ್ಟ್‌ವೇರ್‌ಗಳು `Wear Level` ಎಂದು ತೋರಿಸುವುದು ಈ 6ನ್ನೇ. ಕೆಲವರು 94 ಎಂದೂ ಕೆಲವರು 6 ಎಂದೂ ಹೇಳುವುದು ಒಂದೇ ಸಂಗತಿಯನ್ನು. ಆದ್ದರಿಂದ ಯಾರಾದರೂ ಒಂದು ಅಂಕಿ ಹೇಳಿದರೆ, ಅದು ಉಳಿದಿದ್ದೋ ಸವೆದದ್ದೋ ಎಂದು ಮೊದಲು ಕೇಳಿಕೊಳ್ಳಿ.

ಮಾನದ ಬಗ್ಗೆ ಒಂದು ಮಾತು. mWh ಎಂದರೆ ಮಿಲಿವ್ಯಾಟ್ ಅವರ್. 41,040 mWh ಎಂದರೆ 41.04 ವ್ಯಾಟ್ ಅವರ್. ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ 1,000 ವ್ಯಾಟ್ ಅವರ್ ಆದ್ದರಿಂದ, ಒಂದು ಯೂನಿಟ್ ವಿದ್ಯುತ್ತನ್ನು ಇಂಥ 24 ಬ್ಯಾಟರಿಗಳಲ್ಲಿ ತುಂಬಿಡಬಹುದು. ಬ್ಯಾಟರಿಯ ಮೇಲಿನ ಚೀಟಿಯಲ್ಲಿ ಮಾತ್ರ 11.4 V, 3600 mAh ಎಂದು ಬರೆದಿತ್ತು. ಇದನ್ನು ನೋಡಿ ಗಾಬರಿ ಬೇಡ. 3600 mAh ಎಂದರೆ 3.6 ಆಂಪಿಯರ್ ಅವರ್. ಅದನ್ನು 11.4 ವೋಲ್ಟ್‌ನಿಂದ ಗುಣಿಸಿದರೆ 41.04 ಬರುತ್ತದೆ. ಎರಡೂ ಒಂದೇ. mAh ಅಂಕಿಯನ್ನು mWh ಅಂಕಿಯೊಂದಿಗೆ ನೇರವಾಗಿ ಹೋಲಿಸಿದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಎರಡನೆಯ ಅಂಕಿ ಅಳತೆಯಲ್ಲ, ಅಂದಾಜು

ಮುಖ್ಯ ವಿಷಯ ಇಲ್ಲಿಂದ. ವಿನ್ಯಾಸ ಸಾಮರ್ಥ್ಯ ಬರೆದಿಟ್ಟ ಅಂಕಿ. ಪೂರ್ಣ ಚಾರ್ಜ್ ಸಾಮರ್ಥ್ಯ ಯಾರೂ ಅಳೆದು ಬರೆದದ್ದಲ್ಲ. ಬ್ಯಾಟರಿಯೊಳಗಿನ ಚಿಪ್ ಕಟ್ಟಿಕೊಂಡಿರುವ ಅಂದಾಜು ಅದು. ವಿಂಡೋಸ್ ಆ ಅಂದಾಜನ್ನು ಓದಿ ನಮಗೆ ತೋರಿಸುತ್ತದೆ, ಅಷ್ಟೇ.

ಹಾಸ್ಟೆಲಿನ ಮೇಲಿರುವ ನೀರಿನ ಟ್ಯಾಂಕನ್ನು ಕಣ್ಣ ಮುಂದೆ ತಂದುಕೊಳ್ಳಿ. ಟ್ಯಾಂಕಿನ ಹೊರಗೆ 500 ಲೀಟರ್ ಎಂದು ಅಚ್ಚು ಹಾಕಿದೆ. ಅದು ವಿನ್ಯಾಸ ಸಾಮರ್ಥ್ಯ. ವರ್ಷಗಳು ಕಳೆದಂತೆ ತಳದಲ್ಲಿ ಕೆಸರು ಕೂರುತ್ತದೆ. ಈಗ ಹಿಡಿಯುವುದು 500 ಅಲ್ಲ. ಎಷ್ಟು ಎಂದು ಹೊರಗಿನಿಂದ ಕಾಣುವುದಿಲ್ಲ. ಆದರೆ ಹೊರಹೋಗುವ ಪೈಪಿಗೆ ಒಂದು ಮೀಟರ್ ಇದೆ. ಎಷ್ಟು ನೀರು ಹೋಯಿತು ಎಂಬುದನ್ನು ಅದು ಸರಿಯಾಗಿಯೇ ತೋರಿಸುತ್ತದೆ. ಟ್ಯಾಂಕ್ ತುಂಬಿದ್ದಾಗಿನಿಂದ ಖಾಲಿಯಾಗುವವರೆಗೆ ಮೀಟರ್ ನೋಡಿದರೆ ನಿಜವಾದ ಸಾಮರ್ಥ್ಯ ಗೊತ್ತಾಗುತ್ತದೆ. ದಿನಾ ಸ್ವಲ್ಪ ಬಳಸಿ ಮತ್ತೆ ತುಂಬಿಸುತ್ತಲೇ ಇದ್ದರೆ, ಮೀಟರ್ ಎಷ್ಟೇ ಚೆನ್ನಾಗಿದ್ದರೂ ತಳದ ಕೆಸರಿನ ಸುದ್ದಿ ಅದಕ್ಕೆ ತಿಳಿಯುವುದಿಲ್ಲ.

ಬ್ಯಾಟರಿಯ ಚಿಪ್ ಕೂಡ ಹೀಗೇ. ಒಳಗೆ ಹೋಗುವ, ಹೊರಗೆ ಬರುವ ವಿದ್ಯುತ್ ಪ್ರವಾಹವನ್ನು ಅದು ಒಂದು ಸಣ್ಣ ರೋಧಕದ ಮೂಲಕ ಅಳೆದು ಸದಾ ಕೂಡಿಸುತ್ತಿರುತ್ತದೆ. ಹೊರಹೋದ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಪ್ರಾಮಾಣಿಕ. ಒಟ್ಟು ಸಾಮರ್ಥ್ಯದ ಲೆಕ್ಕವನ್ನು ಸರಿಪಡಿಸಿಕೊಳ್ಳಲು ಮಾತ್ರ ಅದಕ್ಕೆ ಬ್ಯಾಟರಿ ಪೂರ್ತಿ ತುಂಬಿ, ಬಹುಮಟ್ಟಿಗೆ ಖಾಲಿಯಾಗುವ ಒಂದು ಅವಕಾಶ ಬೇಕು. ಸದಾ ಚಾರ್ಜರ್ ಹಾಕಿಯೇ ಬಳಸಿದ ಲ್ಯಾಪ್‌ಟಾಪಿನಲ್ಲಿ ಆ ಅವಕಾಶ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬರುವುದೇ ಇಲ್ಲ. ಬ್ಯಾಟರಿ ಮಾತ್ರ ಶಾಖಕ್ಕೂ ವಯಸ್ಸಿಗೂ ಸಿಕ್ಕಿ ಸವೆಯುತ್ತಲೇ ಇರುತ್ತದೆ. ವರದಿಯಲ್ಲಿ ಹಳೆಯ ಅಂಕಿಯೇ ಉಳಿದುಬಿಡುತ್ತದೆ.

ಕೇಳಿದಾಗ ತಂದೆ ಹೇಳಿದರು: ಆ ಲ್ಯಾಪ್‌ಟಾಪ್ ಮೊದಲು ಒಂದು ಆಫೀಸಿನ ಟೇಬಲ್ ಮೇಲೆ ಇತ್ತಂತೆ, ಇಡೀ ದಿನ ಪ್ಲಗ್‌ನಲ್ಲೇ.

ಇತಿಹಾಸ ನೋಡೋಣ ಎಂದರೆ ಇತಿಹಾಸವೇ ಇರಲಿಲ್ಲ

ಅನುಮಾನ ಬಂದಾಗ ನೋಡಬೇಕಾದ ಮುಂದಿನ ಜಾಗ ಅದೇ ವರದಿಯಲ್ಲಿ ಕೆಳಗಿರುವ `Battery capacity history`. ವಾರವಾರಕ್ಕೆ ಪೂರ್ಣ ಚಾರ್ಜ್ ಸಾಮರ್ಥ್ಯ ಎಷ್ಟಿತ್ತು ಎಂಬ ಪಟ್ಟಿ ಅಲ್ಲಿ ಇರುತ್ತದೆ. ಆರೋಗ್ಯವಾಗಿ ಬಳಕೆಯಲ್ಲಿರುವ ಬ್ಯಾಟರಿಯ ಪಟ್ಟಿ ಸ್ವಲ್ಪ ಏರಿಳಿಯುತ್ತಾ ನಿಧಾನವಾಗಿ ಕೆಳಗಿಳಿಯುತ್ತದೆ. ಒಂದು ವಾರದಿಂದ ಇನ್ನೊಂದು ವಾರಕ್ಕೆ ತುಸು ಮೇಲೆ ಹೋದರೆ ಬ್ಯಾಟರಿ ಚೇತರಿಸಿಕೊಂಡಿತು ಎಂದು ತಿಳಿಯಬೇಡಿ. ಅಂದಾಜು ತಿದ್ದಿಕೊಂಡಿತು ಅಷ್ಟೇ. ಆರು ತಿಂಗಳು ಒಂದೇ ಅಂಕಿ ಒಂದಿಷ್ಟೂ ಅಲ್ಲಾಡದೆ ನಿಂತಿದ್ದರೆ ಅದು ಒಳ್ಳೆಯ ಬ್ಯಾಟರಿಯ ಗುರುತಲ್ಲ. ಚಿಪ್ ಏನನ್ನೂ ಹೊಸದಾಗಿ ಕಲಿತಿಲ್ಲ ಎಂಬುದರ ಗುರುತು.

ನಮ್ಮ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಎರಡೇ ಸಾಲು ಇದ್ದವು. ಅಂಗಡಿಯವರು ಹತ್ತು ದಿನದ ಹಿಂದೆ ಹೊಸದಾಗಿ ವಿಂಡೋಸ್ ಹಾಕಿದ್ದರು. ಈ ಇತಿಹಾಸವನ್ನು ಇಟ್ಟುಕೊಳ್ಳುವುದು ವಿಂಡೋಸ್. ಅದನ್ನು ಹೊಸದಾಗಿ ಹಾಕಿದರೆ ಹಳೆಯ ಪಟ್ಟಿ ಹೋಗುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಮಾರುವ ಮುನ್ನ ಎಲ್ಲರೂ ಹಾಗೆಯೇ ಮಾಡುತ್ತಾರೆ. ಆದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಈ ಪಟ್ಟಿ ಹೆಚ್ಚಾಗಿ ನೆರವಿಗೆ ಬರುವುದಿಲ್ಲ.

`CYCLE COUNT` ಕೂಡ ನೆರವಾಗಲಿಲ್ಲ. ಒಂದು ಬ್ಯಾಟರಿ ಒಟ್ಟು ಎಷ್ಟು ಸಲ ಪೂರ್ತಿಯಾಗಿ ಬಳಕೆಯಾಗಿದೆ ಎಂಬ ಎಣಿಕೆ ಅದು. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಒಂದು ಸೈಕಲ್. ಸಾಮಾನ್ಯ ಲ್ಯಾಪ್‌ಟಾಪ್ ಬ್ಯಾಟರಿ 300ರಿಂದ 500 ಸೈಕಲ್‌ಗಳ ನಂತರ ಸುಮಾರು ಶೇ. 80ಕ್ಕೆ ಇಳಿಯುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ಆದರೆ ಎಷ್ಟೋ ಬ್ಯಾಟರಿಗಳು ಈ ಎಣಿಕೆಯನ್ನು ವಿಂಡೋಸ್‌ಗೆ ಕೊಡುವುದೇ ಇಲ್ಲ. ಆಗ ಅಡ್ಡಗೆರೆ ಅಥವಾ ಸೊನ್ನೆ ಕಾಣುತ್ತದೆ. ಸೊನ್ನೆ ಕಂಡರೆ ಹೊಸ ಬ್ಯಾಟರಿ ಎಂದು ಅರ್ಥ ಮಾಡಬೇಡಿ.

ನಾವೇ ಖಾಲಿ ಮಾಡಿ ನೋಡಿದೆವು

ಉಳಿದದ್ದು ಒಂದೇ ದಾರಿ: ಟ್ಯಾಂಕನ್ನು ತುಂಬಿಸಿ, ಖಾಲಿಯಾಗುವವರೆಗೆ ಮೀಟರ್ ನೋಡುವುದು. ಬೆಳಿಗ್ಗೆ ಲ್ಯಾಪ್‌ಟಾಪನ್ನು 100ರವರೆಗೆ ಚಾರ್ಜ್ ಮಾಡಿ, ಮತ್ತೊಂದು ಗಂಟೆ ಪ್ಲಗ್‌ನಲ್ಲೇ ಬಿಟ್ಟೆವು. ಪರದೆಯ ಬೆಳಕನ್ನು ಅರ್ಧಕ್ಕೆ ಇಟ್ಟು, ತಾನಾಗಿ ನಿದ್ರೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ, ಪೆನ್‌ಡ್ರೈವ್‌ನಲ್ಲಿದ್ದ ಪಾಠದ ವೀಡಿಯೊ ಹಚ್ಚಿದೆವು. 10 ಗಂಟೆಗೆ ಚಾರ್ಜರ್ ಕಿತ್ತೆವು. ಅರ್ಧ ಗಂಟೆಗೊಮ್ಮೆ ಶೇಕಡಾವನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

10:30ಕ್ಕೆ 86. 11:00ಕ್ಕೆ 72. 11:30ಕ್ಕೆ 57. 12:00ಕ್ಕೆ 43. ಇಳಿಕೆ ಅಚ್ಚುಕಟ್ಟಾಗಿತ್ತು. "ಸರಿಯಾಗೇ ಇದೆಯಲ್ಲ ಸರ್" ಎಂದಳು. 12:10ಕ್ಕೆ ಪರದೆಯ ಮೂಲೆಯಲ್ಲಿ 38 ಎಂದು ಇರುವಾಗಲೇ ಲ್ಯಾಪ್‌ಟಾಪ್ ಒಂದು ಮಾತೂ ಹೇಳದೆ ಆರಿಹೋಯಿತು.

ಈಗ ಲೆಕ್ಕ. ಚಿಪ್ ತನ್ನ ಒಟ್ಟು ಸಾಮರ್ಥ್ಯ 38,590 ಎಂದು ನಂಬಿತ್ತು. 100ರಿಂದ 38ಕ್ಕೆ ಇಳಿದಿತ್ತು, ಅಂದರೆ ಹೊರಗೆ ಹೋದದ್ದು ಅದರ ಶೇ. 62.

```
38,590 × 0.62 = 23,926 mWh
23,926 ÷ 41,040 = 0.58
```

ಟ್ಯಾಂಕಿನಿಂದ ನಿಜಕ್ಕೂ ಬಂದ ನೀರು ಸುಮಾರು 23.9 ವ್ಯಾಟ್ ಅವರ್. ಅಂದರೆ ವಿನ್ಯಾಸ ಸಾಮರ್ಥ್ಯದ ಶೇ. 58 ಮಾತ್ರ. ಸವೆತ 6 ಅಲ್ಲ, 42. ಎರಡು ಗಂಟೆ ಹತ್ತು ನಿಮಿಷಕ್ಕೆ ಇಷ್ಟು ಖರ್ಚಾದರೆ ಗಂಟೆಗೆ ಸುಮಾರು 11 ವ್ಯಾಟ್ ಅವರ್, ಅಂದರೆ ಲ್ಯಾಪ್‌ಟಾಪ್ ಎಳೆಯುತ್ತಿದ್ದ ಶಕ್ತಿ 11 ವ್ಯಾಟ್. ಹೊಸ ಬ್ಯಾಟರಿ ಇದ್ದಿದ್ದರೆ ಇದೇ ಕೆಲಸಕ್ಕೆ 41 ಭಾಗಿಸು 11, ಹೆಚ್ಚುಕಡಿಮೆ ಕಾಲು ಕಡಿಮೆ ನಾಲ್ಕು ಗಂಟೆ ಬರಬೇಕಿತ್ತು.

ಆಮೇಲೆ ಲ್ಯಾಪ್‌ಟಾಪನ್ನು ಆಫ್ ಆಗಿರುವಂತೆಯೇ ಚಾರ್ಜರ್‌ಗೆ ಹಾಕಿ, ಪೂರ್ತಿ ತುಂಬಿದ ಮೇಲೆ ಮತ್ತೊಮ್ಮೆ ವರದಿ ತೆಗೆದೆವು. `FULL CHARGE CAPACITY` ಈಗ 24,510 mWh ಎಂದಿತ್ತು. ಚಿಪ್ ತನ್ನ ತಪ್ಪನ್ನು ತಿದ್ದಿಕೊಂಡಿತ್ತು. ನಮ್ಮ ನೋಟ್‌ಬುಕ್ಕಿನ ಲೆಕ್ಕಕ್ಕೆ ಅದು ಬಹಳ ಹತ್ತಿರ. ಎಲ್ಲ ಬ್ಯಾಟರಿಗಳೂ ಒಂದೇ ಸಲಕ್ಕೆ ತಿದ್ದಿಕೊಳ್ಳುವುದಿಲ್ಲ. ಕೆಲವಕ್ಕೆ ಎರಡು ಮೂರು ಸಲ ಬೇಕಾಗುತ್ತದೆ. ಅದಕ್ಕೇ ಕೈಬರಹದ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

38ರಲ್ಲೇ ಆರಿದ್ದೇಕೆ?

ದ್ವಿತೀಯ ಪಿಯುಸಿ ಭೌತಶಾಸ್ತ್ರ ಓದುವವರಿಗೆ ಇಲ್ಲಿ ಒಂದು ಪರಿಚಿತ ಸೂತ್ರ ಸಿಗುತ್ತದೆ: V = E − Ir. ಕೋಶದ ಒಳರೋಧ r ಹೆಚ್ಚಾದಂತೆ ಹೊರಗೆ ಸಿಗುವ ವೋಲ್ಟೇಜ್ V ಕಡಿಮೆಯಾಗುತ್ತದೆ. ಬ್ಯಾಟರಿ ಹಳೆಯದಾದಂತೆ ಸಾಮರ್ಥ್ಯ ಕುಗ್ಗುವುದರ ಜೊತೆಗೆ ಒಳರೋಧವೂ ಏರುತ್ತದೆ. ಟ್ಯಾಂಕಿನ ಹೋಲಿಕೆಯಲ್ಲಿ ಹೇಳುವುದಾದರೆ, ತಳದಲ್ಲಿ ಕೆಸರು ಕೂತಿದೆ ಮಾತ್ರವಲ್ಲ, ಪೈಪಿನೊಳಗೂ ಕಟ್ಟಿಕೊಂಡಿದೆ.

ಒಂದು ಊಹೆಯ ಲೆಕ್ಕ ಹಾಕೋಣ. ನಮ್ಮ ಬ್ಯಾಟರಿಯಲ್ಲಿ ಮೂರು ಕೋಶಗಳು ಸರಣಿಯಲ್ಲಿವೆ. ಒಂದೊಂದು 3 ವೋಲ್ಟ್‌ಗಿಂತ ಕೆಳಗಿಳಿಯಬಾರದು ಎಂದಿಟ್ಟರೆ ಒಟ್ಟು ಗಡಿ 9 ವೋಲ್ಟ್. E 10.4 ವೋಲ್ಟ್, r ಅರ್ಧ ಓಮ್ ಇರಲಿ. 1 ಆಂಪಿಯರ್ ಎಳೆಯುವಾಗ V 9.9, ತೊಂದರೆಯಿಲ್ಲ. ಹಿನ್ನೆಲೆಯಲ್ಲಿ ಏನೋ ಅಪ್‌ಡೇಟ್ ಶುರುವಾಗಿ 3 ಆಂಪಿಯರ್ ಎಳೆದರೆ V 8.9ಕ್ಕೆ ಕುಸಿಯುತ್ತದೆ. ಗಡಿ ದಾಟಿತು, ಸರಬರಾಜು ಕಡಿತ. ಒಳಗೆ ಇನ್ನೂ ಶಕ್ತಿ ಇದ್ದರೂ ಅದು ನಮಗೆ ಸಿಗದು. ಮೂರರಲ್ಲಿ ಒಂದೇ ಕೋಶ ಉಳಿದೆರಡಕ್ಕಿಂತ ಹೆಚ್ಚು ಬಳಲಿದ್ದರೂ ಇದೇ ಗತಿ, ಏಕೆಂದರೆ ದುರ್ಬಲವಾದದ್ದು ಗಡಿ ಮುಟ್ಟಿದರೆ ಮೂರನ್ನೂ ನಿಲ್ಲಿಸಬೇಕಾಗುತ್ತದೆ.

ಗಮನಿಸಿ, ವರದಿಯಲ್ಲಿ ಒಳರೋಧಕ್ಕೆ ಅಂಕಣವೇ ಇಲ್ಲ. ಸವೆತದ ಶೇಕಡಾ ಎರಡರಲ್ಲಿ ಒಂದು ರೋಗವನ್ನು ಮಾತ್ರ ಹೇಳುತ್ತದೆ. ಆದ್ದರಿಂದ ನಿಮ್ಮ ಲ್ಯಾಪ್‌ಟಾಪ್ 20, 30 ಶೇಕಡಾ ಇರುವಾಗಲೇ ಆರುತ್ತಿದ್ದರೆ, ವರದಿ ಏನೇ ಹೇಳಲಿ, ಬ್ಯಾಟರಿ ದಣಿದಿದೆ ಅಥವಾ ಅದರ ಅಂದಾಜು ಹಳತಾಗಿದೆ ಎಂದೇ ತಿಳಿಯಿರಿ. ಮೇಲಿನ ಪರೀಕ್ಷೆ ಮಾಡಿದರೆ ಎರಡರಲ್ಲಿ ಯಾವುದು ಎಂಬುದು ಗೊತ್ತಾಗುತ್ತದೆ. ಒಮ್ಮೆ ಖಾಲಿ ಮಾಡಿ ತುಂಬಿಸಿದ ನಂತರ ಅಂಕಿ ಇಳಿದು, ಲ್ಯಾಪ್‌ಟಾಪ್ 5ರ ತನಕ ಸರಾಗವಾಗಿ ಓಡಿದರೆ ಕೇವಲ ಅಂದಾಜು ಹಳತಾಗಿತ್ತು. ತಿದ್ದಿದ ಮೇಲೂ ನಡುವೆಯೇ ಆರುತ್ತಿದ್ದರೆ ಒಳರೋಧವೋ ದುರ್ಬಲ ಕೋಶವೋ ಕಾರಣ.

ತಪ್ಪು ತಿಳಿಯಬಹುದಾದ ಇನ್ನು ಕೆಲವು ಅಂಕಿಗಳು

ಹೊಸ ಲ್ಯಾಪ್‌ಟಾಪಿನಲ್ಲಿ ಪೂರ್ಣ ಚಾರ್ಜ್ ಸಾಮರ್ಥ್ಯ ವಿನ್ಯಾಸ ಸಾಮರ್ಥ್ಯಕ್ಕಿಂತ ಸ್ವಲ್ಪ ಹೆಚ್ಚೇ ಕಾಣಬಹುದು. ಇದು ದೋಷವಲ್ಲ. ತಯಾರಕರು ನಿಗದಿ ಮಾಡುವ ಅಂಕಿ ಸ್ವಲ್ಪ ಬಿಗಿಯಾಗಿರುತ್ತದೆ.

ಚಾರ್ಜ್ 80ಕ್ಕೇ ನಿಂತುಬಿಟ್ಟರೆ ಸವೆತ 20 ಎಂದು ಕೆಲವರು ತಿಳಿಯುತ್ತಾರೆ. ಅದು ಬೇರೆ ವಿಷಯ. ಬ್ಯಾಟರಿ ಬಾಳಿಕೆಗಾಗಿ 80ರಲ್ಲಿ ನಿಲ್ಲಿಸುವ ಸೆಟ್ಟಿಂಗ್ ಹಲವು ಲ್ಯಾಪ್‌ಟಾಪ್‌ಗಳಲ್ಲಿದೆ. ಪರೀಕ್ಷೆ ಮಾಡುವ ದಿನ ಅದನ್ನು ತೆಗೆದಿಡಿ.

ಬ್ಯಾಟರಿ ಬದಲಿಸಿದ್ದೇವೆ ಎಂದು ಹೇಳಿದ ಲ್ಯಾಪ್‌ಟಾಪಿನಲ್ಲಿ ಎರಡೂ ಅಂಕಿ ಒಂದೇ ಇದ್ದು, ತಿಂಗಳುಗಟ್ಟಲೆ ಬಳಸಿದರೂ ಹಾಗೆಯೇ ಇದ್ದರೆ ಎಚ್ಚರ. ಅಗ್ಗದ ಬ್ಯಾಟರಿಗಳ ಚಿಪ್ ಕೆಲವೊಮ್ಮೆ ಬರೆದಿಟ್ಟ ಅಂಕಿಯನ್ನೇ ಹೇಳುತ್ತಾ ಹೋಗುತ್ತದೆ. ಅಲ್ಲಿಯೂ ಗಡಿಯಾರ ಹಿಡಿದು ಖಾಲಿ ಮಾಡಿ ನೋಡುವುದೇ ದಾರಿ.

ಉಬುಂಟು ಬಳಸುವವರು ಟರ್ಮಿನಲ್‌ನಲ್ಲಿ ಹೀಗೆ ಕೇಳಬಹುದು:

```
upower -i /org/freedesktop/UPower/devices/battery_BAT0
```

ಅಲ್ಲಿ `energy-full-design` ವಿನ್ಯಾಸ ಸಾಮರ್ಥ್ಯ, `energy-full` ಈಗಿನದು, ಎರಡೂ ವ್ಯಾಟ್ ಅವರ್‌ನಲ್ಲಿ. `capacity` ಎಂಬ ಸಾಲು ಉಳಿದ ಶೇಕಡಾವನ್ನು ನೇರವಾಗಿ ಕೊಡುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ `BAT0` ಬದಲು `BAT1` ಎಂದಿರುತ್ತದೆ. ಇದೂ ಅದೇ ಚಿಪ್ ಹೇಳುವ ಮಾತು. ಆದ್ದರಿಂದ ವಿಂಡೋಸ್‌ನಲ್ಲಿ ತಪ್ಪಾಗಿದ್ದ ಅಂಕಿ ಉಬುಂಟುವಿನಲ್ಲಿ ಸರಿಯಾಗುವುದಿಲ್ಲ.

ಎರಡು ಎಚ್ಚರಿಕೆ

ಪೂರ್ತಿ ಖಾಲಿ ಮಾಡುವ ಪರೀಕ್ಷೆಯನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ತಳಮುಟ್ಟ ಖಾಲಿಯಾಗುವುದು ಈ ಬಗೆಯ ಬ್ಯಾಟರಿಗೆ ಒಳ್ಳೆಯದಲ್ಲ. ಅನುಮಾನ ಬಂದಾಗ, ಕೊಳ್ಳುವಾಗ, ಹೊಸ ಬ್ಯಾಟರಿಗೆ ಹಣ ಹಾಕುವ ಮುನ್ನ ಮಾಡಿದರೆ ಸಾಕು. ಶುರು ಮಾಡುವ ಮೊದಲು ತೆರೆದ ಫೈಲುಗಳನ್ನೆಲ್ಲ ಸೇವ್ ಮಾಡಿ ಮುಚ್ಚಿ, ಏಕೆಂದರೆ ಆರುವಾಗ ಅದು ಹೇಳಿ ಆರುವುದಿಲ್ಲ.

ಬ್ಯಾಟರಿ ಉಬ್ಬಿದ್ದರೆ ಯಾವ ಪರೀಕ್ಷೆಯೂ ಬೇಡ. ಟಚ್‌ಪ್ಯಾಡ್ ಮೇಲೆದ್ದಿದೆ, ಕೆಳಗಿನ ಮುಚ್ಚಳ ಬಾಗಿದೆ, ಸಮತಟ್ಟಾದ ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲುಗಾಡುತ್ತದೆ ಎಂದರೆ ಒಳಗೆ ಅನಿಲ ತುಂಬಿಕೊಂಡಿದೆ ಎಂದರ್ಥ. ಅಂಥದ್ದನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಆಫ್ ಮಾಡಿ ರಿಪೇರಿಯವರ ಬಳಿ ಒಯ್ಯಿರಿ. ಉಬ್ಬಿದ ಬ್ಯಾಟರಿಯ ವರದಿಯೂ 90 ಎಂದು ತೋರಿಸಬಹುದು.

ಮರುದಿನ ತಂದೆ ಮಗಳು ಎರಡು ವರದಿಗಳನ್ನೂ ನೋಟ್‌ಬುಕ್ಕಿನ ಪುಟವನ್ನೂ ಹಿಡಿದು ಅಂಗಡಿಗೆ ಹೋದರು. ಅಂಗಡಿಯವರಿಗೂ ಆಶ್ಚರ್ಯವಾಯಿತಂತೆ. ಅವರು ಕೂಡ ಮೊದಲ ಅಂಕಿಯನ್ನೇ ನಂಬಿದ್ದರು. ಆ ಮಾಡೆಲ್‌ಗೆ ಹೊಸ ಬ್ಯಾಟರಿ 3,200 ರೂಪಾಯಿ ಎಂದು ಲೆಕ್ಕ ಹಾಕಿ ಅಷ್ಟನ್ನು ಬೆಲೆಯಲ್ಲಿ ಬಿಟ್ಟುಕೊಟ್ಟರು. ಲ್ಯಾಪ್‌ಟಾಪಿನ ಉಳಿದ ಭಾಗಗಳು ಚೆನ್ನಾಗಿದ್ದವು, ಕೊಂಡರು. ಬ್ಯಾಟರಿಯನ್ನು ಈಗಲೇ ಬದಲಿಸುವುದಿಲ್ಲವಂತೆ. "ಮನೇಲಿ ಪ್ಲಗ್ ಪಕ್ಕಾನೇ ಓದೋದು ಸರ್, ಎರಡು ಗಂಟೆ ಸಾಕು. ಕರೆಂಟ್ ಹೋದ್ರೂ ಅಷ್ಟರೊಳಗೆ ಬರುತ್ತೆ" ಎಂದಳು.

ಶೇ. 58 ಉಳಿದ ಬ್ಯಾಟರಿ ಅವಳ ಕೆಲಸಕ್ಕೆ ಸಾಕು. ದಿನವೆಲ್ಲ ಪ್ಲಗ್ ಸಿಗದೆ ಓಡಾಡುವವರಿಗೆ ಸಾಲದು. ಆ ತೀರ್ಮಾನ ಅವರವರದು. ತೀರ್ಮಾನಕ್ಕೆ ಬೇಕಾದ ಅಂಕಿ ಮಾತ್ರ ಸರಿಯಾಗಿರಬೇಕು.